ಡಿಎಪಿ ಖಾಲಿ ಆದಾಗ ರೈತರಿಗೆ ಏನ್ ಹೇಳ್ಬೇಕು, ಏನ್ ಕೊಡ್ಬೇಕು: ಗೊಬ್ಬರದ ಅಂಗಡಿ ಕೌಂಟರಲ್ಲಿ ಕೂರೋರಿಗೆ

ಮುಂಗಾರು ಹಿಡೀತು ಅಂದ್ರೆ ಹಾಸನದ ಸುತ್ತ ಯಾವ ಗೊಬ್ಬರದ ಅಂಗಡಿಗೆ ಹೋದ್ರೂ ಬಾಗಿಲಲ್ಲಿ ನಿಂತವರು ಕೇಳೋದು ಒಂದೇ ಮಾತು, "ಡಿಎಪಿ ಐತಾ?" ಆಲೂಗಡ್ಡೆ, ಮುಸುಕಿನ ಜೋಳ ಎರಡೂ ಹೆಚ್ಚುಕಮ್ಮಿ ಹಿಂದೆಮುಂದೆ ಒಂದೇ ಟೈಮಿಗೆ ನೆಲಕ್ಕೆ ಬೀಳೋದ್ರಿಂದ ಎಲ್ಲರಿಗೂ ಒಂದೇ ವಾರ ಬೇಕಾಗುತ್ತೆ. ಡಿಎಪಿ ಬಹುಪಾಲು ಹೊರದೇಶದಿಂದ ಬರಬೇಕು, ಇಲ್ಲೇ ತಯಾರಾಗೋದಕ್ಕೂ ಕಚ್ಚಾವಸ್ತು ಹೊರಗಿಂದಾನೇ ಬರಬೇಕು, ಆಮೇಲೆ ಹಡಗು, ರೈಲಿನ ರೇಕ್, ಲಾರಿ, ಡಿಸ್ಟ್ರಿಬ್ಯೂಟರ್ ಗೋಡೌನ್ ಅಂತ ದಾಟ್ಕೊಂಡು ನಮ್ಮ ಅಂಗಡಿಗೆ ಬರೋದು. ನಡುವೆ ಎಲ್ಲಾದ್ರೂ ನಾಲ್ಕು ದಿನ ನಿಂತ್ರೆ ಇಲ್ಲಿ ಬಿತ್ತನೆ ಹೊತ್ತಿಗೆ ಖಾಲಿ. ಹಂಗಾಗಿ "ಇಲ್ಲ" ಅನ್ನೋದು ತಪ್ಪಲ್ಲ, ಆದ್ರೆ ಆ ಇಲ್ಲ ಅನ್ನೋದನ್ನ ಹೆಂಗ್ ಹೇಳ್ತೀವಿ, ಆಮೇಲೆ ಏನ್ ಕೊಡ್ತೀವಿ ಅನ್ನೋದ್ರ ಮೇಲೆ ಆ ಮನುಷ್ಯನ ಒಂದು ಬೆಳೆ ನಿಂತಿರುತ್ತೆ. ಹೊಸದಾಗಿ ಕೌಂಟರಲ್ಲಿ ಕೂರೋ ಹುಡುಗರಿಗೆ, ಸೊಸೈಟಿಲಿ ಕೆಲಸ ಮಾಡೋರಿಗೆ ಉಪಯೋಗ ಆಗ್ಲಿ ಅಂತ ನಾವು ಮಾಡೋ ಕ್ರಮವನ್ನ ಇಲ್ಲಿ ಬರೀತಿದೀನಿ.

ಮೊದಲ ಮಾತು: ಇಲ್ಲ ಅನ್ನೋದನ್ನ ನೇರ ಹೇಳಿ

ಮೊದಲ ವಾಕ್ಯದಲ್ಲೇ ಹೇಳ್ಬಿಡಿ. "ಡಿಎಪಿ ಖಾಲಿ ಆಗೈತೆ ಅಣ್ಣ, ಸದ್ಯಕ್ಕೆ ಒಂದು ಚೀಲನೂ ಇಲ್ಲ." ಇಷ್ಟೇ. "ನೋಡಣ ಇರಿ", "ನಾಳೆ ಬನ್ನಿ", "ಸಾಯಂಕಾಲ ಲೋಡ್ ಬರಬಹುದು" ಇವೆಲ್ಲ ಬೇಡ, ಯಾಕಂದ್ರೆ ದುದ್ದದಿಂದಲೋ ಕಟ್ಟಾಯದಿಂದಲೋ ಒಬ್ಬರು ಬಂದು ಹೋಗ್ಬೇಕು ಅಂದ್ರೆ ಬಸ್ ಚಾರ್ಜ್ ಒಂದೇ ಅಲ್ಲ, ಅರ್ಧ ದಿನದ ಕೆಲಸ ಹೋಗುತ್ತೆ, ಬಿತ್ತನೆ ಹದ ಇದ್ದಾಗ ಆ ಅರ್ಧ ದಿನಕ್ಕೆ ಬೆಲೆ ಜಾಸ್ತಿ. ಲೋಡ್ ಯಾವಾಗ ಬರುತ್ತೆ ಅಂತ ನಿಮಗೆ ಡಿಸ್ಟ್ರಿಬ್ಯೂಟರ್ ಹೇಳಿದ್ರೆ ಅವರು ಹೇಳಿದ್ದನ್ನ ಹೇಳಿದಂಗೇ ಹೇಳಿ: "ಸೋಮವಾರ ಕಳಿಸ್ತೀವಿ ಅಂದವ್ರೆ, ಕಳಿಸ್ತಾರೆ ಅಂತ ನಾನು ಗ್ಯಾರಂಟಿ ಕೊಡಕ್ಕಾಗಲ್ಲ." ಏನೂ ಹೇಳಿಲ್ಲ ಅಂದ್ರೆ "ಡೇಟ್ ಗೊತ್ತಿಲ್ಲ" ಅನ್ನಿ. ನಿಮ್ಮ ಬಾಯಿಂದ ಬಂದ ವಾರದ ಹೆಸರು ಊರಿಗೆ ಹೋಗೋ ಹೊತ್ತಿಗೆ ಪಕ್ಕಾ ಡೇಟ್ ಆಗಿರುತ್ತೆ, ಸೋಮವಾರ ಬೆಳಗ್ಗೆ ಹತ್ತು ಜನ ಬಂದು ನಿಂತಿರ್ತಾರೆ.

ಇಲ್ಲ ಅಂದ ತಕ್ಷಣ ರೈತರ ಮನಸ್ಸಲ್ಲಿ ಬರೋ ಇನ್ನೊಂದು ಮಾತು ನಿಮಗೆ ಗೊತ್ತೇ ಇದೆ, "ಒಳಗೆ ಇಟ್ಕೊಂಡು ಇಲ್ಲ ಅಂತಾವ್ರೆ." ಇದಕ್ಕೆ ಬೇಜಾರು ಮಾಡ್ಕೊಂಡು ಜಗಳ ಆಡೋ ಬದಲು ಕೈಯಲ್ಲಿರೋ ಸಾಕ್ಷಿ ತೋರ್ಸಿ. ಸ್ಟಾಕು ಮತ್ತು ರೇಟಿನ ಬೋರ್ಡ್ ಹಾಕೋದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಡ್ಡಾಯ, ಅದನ್ನ ಬೆಳಗ್ಗೆ ಅಂಗಡಿ ತೆಗೆದ ಕೂಡ್ಲೇ ಬರೀರಿ, ಡಿಎಪಿ ಮುಂದೆ ಸೊನ್ನೆ ಅಂತ ಕಾಣೋ ಹಂಗೆ ಬರೀರಿ. ಪಿಓಎಸ್ ಮಷೀನಲ್ಲೂ ಸ್ಟಾಕ್ ತೋರ್ಸುತ್ತೆ, ಅನುಮಾನ ಇರೋರಿಗೆ ಅದನ್ನೇ ತಿರುಗಿಸಿ ತೋರ್ಸಿ. ಫೋನ್ ನೋಡೋ ಹುಡುಗರಾದ್ರೆ urvarak.nic.in ಸೈಟಲ್ಲಿ ಅಂಗಡಿವಾರು ಸ್ಟಾಕ್ ಇರುತ್ತೆ ಅಂತಾನೂ ಹೇಳಿ. ಇದ್ದೂ ಇಲ್ಲ ಅನ್ನೋದು ಮಾತ್ರ ಯಾವತ್ತೂ ಬೇಡ. ಗೊಬ್ಬರ ಅಗತ್ಯ ವಸ್ತುಗಳ ಕಾಯ್ದೆಗೆ ಬರುತ್ತೆ, ಲೈಸೆನ್ಸ್ ಹೋಗೋ ಕೆಲಸ ಅದು, ಅದಕ್ಕಿಂತ ಮುಖ್ಯ ಮುಂದಿನ ಸಲ ನೀವು ನಿಜವಾಗ್ಲೂ ಇಲ್ಲ ಅಂದಾಗ ಯಾರೂ ನಂಬಲ್ಲ.

ಆಮೇಲೆ ಮೂರು ಪ್ರಶ್ನೆ

ಇಲ್ಲ ಅಂತ ಹೇಳಿ ಆದ್ಮೇಲೆ ಬಹಳ ಜನ ಮಾಡೋದು ಏನು ಅಂದ್ರೆ, ಇರೋ ಗೊಬ್ಬರದ ಹೆಸರು ಒಂದೇ ಉಸಿರಲ್ಲಿ ಹೇಳ್ಬಿಡೋದು, "ಇಪ್ಪತ್ತು ಇಪ್ಪತ್ತು ಐತೆ, ಹತ್ತು ಇಪ್ಪತ್ತಾರು ಐತೆ, ಸೂಪರ್ ಐತೆ, ಯಾವುದ್ ಕೊಡ್ಲಿ?" ಕೇಳಿದವರಿಗೆ ಇದ್ರಿಂದ ಏನೂ ಗೊತ್ತಾಗಲ್ಲ. ಬದಲಿ ಹೇಳೋಕೆ ಮುಂಚೆ ಮೂರು ವಿಷಯ ತಿಳ್ಕೊಳಿ: ಯಾವ ಬೆಳೆಗೆ, ಎಷ್ಟು ಎಕರೆಗೆ, ಬಿತ್ತನೆ ಯಾವತ್ತು. ಎಷ್ಟು ಚೀಲ ಅನ್ನೋದು ಆಮೇಲೆ.

ಈ ಮೂರರಲ್ಲಿ ಬಿತ್ತನೆ ದಿನಾನೇ ಎಲ್ಲಕ್ಕಿಂತ ದೊಡ್ಡದು. ಯಾಕೆ ಅಂದ್ರೆ ಡಿಎಪಿ ಹಾಕೋದೇ ಮುಖ್ಯವಾಗಿ ರಂಜಕಕ್ಕೆ. ರಂಜಕ ಮಣ್ಣಲ್ಲಿ ಯೂರಿಯಾ ಥರ ನೀರಿನ ಜೊತೆ ಓಡಾಡಲ್ಲ, ಹಾಕಿದ ಜಾಗದಲ್ಲೇ ಕೂತಿರುತ್ತೆ, ಅದಕ್ಕೇ ಬಿತ್ತುವಾಗಲೇ ಸಾಲಲ್ಲಿ ಬೇರಿಗೆ ಸಿಗೋ ಹಂಗೆ ಬೀಳ್ಬೇಕು. ಮೊಳಕೆ ಬಂದ ಮೇಲೆ ಮೇಲೆ ಎರಚಿದ್ರೆ ದುಡ್ಡು ಹೋದಷ್ಟು ಪ್ರಯೋಜನ ಸಿಗಲ್ಲ. ಯೂರಿಯಾ ಹಂಗಲ್ಲ, ಜೋಳಕ್ಕೆ ಅರ್ಧ ಭಾಗ ಹೆಂಗೂ ತಿಂಗಳಾದ್ಮೇಲೆ ಮೇಲುಗೊಬ್ಬರವಾಗಿ ಹಾಕೋದೇ. ಹಂಗಾಗಿ ಯೂರಿಯಾ ಇಲ್ಲ ಅಂದ್ರೆ ಎಷ್ಟೋ ಸಲ "ಬುಕ್ ಮಾಡಿ, ಬಂದಾಗ ಫೋನ್ ಮಾಡ್ತೀನಿ" ಅನ್ನಬಹುದು, ಡಿಎಪಿ ಇಲ್ಲ ಅಂದ್ರೆ ಬಿತ್ತನೆ ಹತ್ರ ಇರೋರಿಗೆ ಹಂಗ್ ಹೇಳೋದು ಅವರ ಬೆಳೆಗೆ ಮಾಡೋ ಮೋಸ.

ನಾನು ಇಟ್ಕೊಂಡಿರೋ ಲೆಕ್ಕ ಹಿಂಗೆ. ಲೋಡ್ ಬರೋ ಡೇಟ್ ಪಕ್ಕಾ ಇದ್ದು, ಬಿತ್ತನೆ ಅದಾದ್ಮೇಲೆ ಇನ್ನೂ ಒಂದು ವಾರ ಇದೆ ಅಂದ್ರೆ ಬುಕಿಂಗ್. ಡೇಟ್ ಗೊತ್ತಿಲ್ಲ, ಇಲ್ಲಾ ಬಿತ್ತನೆ ನಾಳೆ ನಾಡಿದ್ದು ಅಂದ್ರೆ ಬದಲಿ, ಅವತ್ತೇ. ನಡುವೆ ಇರೋರಿಗೆ ಎರಡೂ ಹೇಳಿ ಒಂದು ಕಡೆ ದಿನ ಕೊಡ್ಬೇಕು: "ಗುರುವಾರದ ತನಕ ನೋಡಿ, ಬರ್ಲಿಲ್ಲ ಅಂದ್ರೆ ಬದಲಿ ತಗೊಂಡು ಹೋಗಿ, ಅದನ್ನ ನಿಮ್ಮ ಹೆಸರಿಗೆ ತೆಗೆದಿಟ್ಟಿರ್ತೀನಿ." ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದವರಿಗೆ ಇಷ್ಟು ಅರ್ಜೆಂಟ್ ಇರಲ್ಲ, ಮಳೆಗಾಲ ಮುಗಿದ ಮೇಲಿನ ಡೋಸ್‌ಗೆ ಕೇಳ್ತಾ ಇದ್ರೆ ಎರಡು ವಾರ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ, ಅವರಿಗೆ ಬುಕಿಂಗೇ ಸರಿ.

ಬದಲಿ ಲೆಕ್ಕ: ಚೀಲಕ್ಕೆ ಚೀಲ ಅಲ್ಲ

ಡಿಎಪಿ ಅಂದ್ರೆ 18-46. 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಈ ಎರಡು ನಂಬರ್ ಬಾಯಲ್ಲಿರ್ಬೇಕು, ಉಳಿದದ್ದೆಲ್ಲ ಇದರ ಮೇಲೇ ನಿಲ್ಲುತ್ತೆ.

ಬದಲಿಗಳಲ್ಲಿ ಡಿಎಪಿಗೆ ತೀರಾ ಹತ್ರ ಬರೋದು 12-32-16. ಒಂದೂವರೆ ಚೀಲ ಹಾಕಿದ್ರೆ 9 ಕೆಜಿ ಸಾರಜನಕ, 24 ಕೆಜಿ ರಂಜಕ ಸಿಗುತ್ತೆ, ಜೊತೆಗೆ 12 ಕೆಜಿ ಪೊಟ್ಯಾಷ್. ಇದು ಅಂಗಡಿಲಿ ಇದ್ರೆ ಮಾತು ಸುಲಭ, "ಎರಡು ಡಿಎಪಿ ಬದಲು ಇದು ಮೂರು ಹಾಕಿ, ಪೊಟ್ಯಾಷ್ ಅಷ್ಟು ಕಮ್ಮಿ ತಗೊಳಿ." ಆದ್ರೆ ಡಿಎಪಿ ಖಾಲಿ ಆದ ಎರಡು ದಿನಕ್ಕೆ ಇದೂ ಖಾಲಿ ಆಗುತ್ತೆ.

ಸೂಪರ್ ಫಾಸ್ಫೇಟ್‌ ಸಾಮಾನ್ಯವಾಗಿ ಸಿಗುತ್ತೆ, ಇದು ದೇಶದಲ್ಲೇ ತಯಾರಾಗೋದು. ಅದರಲ್ಲಿ ರಂಜಕ 16 ಪರ್ಸೆಂಟ್, ಗಂಧಕ 11 ಪರ್ಸೆಂಟ್, ಸಾರಜನಕ ಇಲ್ಲವೇ ಇಲ್ಲ. ಒಂದು ಡಿಎಪಿಗೆ ಮೂರು ಸೂಪರ್, ಜೊತೆಗೆ 20 ಕೆಜಿ ಯೂರಿಯಾ ಅಂತ ಲೆಕ್ಕ. ಇಲ್ಲಿ ಎರಡು ವಿಷಯ ಬಾಯಿಬಿಟ್ಟು ಹೇಳ್ಲೇಬೇಕು. ಒಂದು ತೂಕ: 50 ಕೆಜಿ ಜಾಗದಲ್ಲಿ 170 ಕೆಜಿ ಸಾಗಿಸ್ಬೇಕು. ಮೊಪೆಡ್ಡಲ್ಲಿ ಬಂದೋರು ಲಗೇಜ್ ಆಟೋ ಹಿಡೀಬೇಕಾಗುತ್ತೆ, ಆ ಬಾಡಿಗೆ ಸೇರಿಸಿದ್ರೆ ಕಮ್ಮಿ ರೇಟು ಅಂತ ತಗೊಂಡಿದ್ದು ಕಮ್ಮಿ ಆಗಿರಲ್ಲ. ಎರಡನೇದು, ಸೂಪರ್ ಮತ್ತು ಯೂರಿಯಾನ ಹಿಂದಿನ ದಿನವೇ ಕಲಸಿ ಇಡಬಾರ್ದು. ಎರಡೂ ಸೇರಿದ್ರೆ ನೀರು ಬಿಟ್ಟು ಅಂಟಂಟಾಗುತ್ತೆ, ಬೆಳಗ್ಗೆ ಚೀಲ ಬಿಚ್ಚಿದ್ರೆ ಒದ್ದೆ ಮುದ್ದೆ, ಕೂರಿಗೇಲೂ ಇಳಿಯಲ್ಲ, ಕೈಯಲ್ಲೂ ಉದುರಲ್ಲ. ಹೊಲದಲ್ಲೇ ಕಲಸಿ ಅಲ್ಲೇ ಹಾಕಿ ಮುಗಿಸ್ಬೇಕು. ಸೂಪರಲ್ಲಿ ಪುಡಿ, ಹರಳು ಎರಡೂ ಬರುತ್ತೆ, ಕೂರಿಗೆ ಇಲ್ಲಾ ಸೀಡ್ ಡ್ರಿಲ್ಲಲ್ಲಿ ಬಿತ್ತೋರಿಗೆ ಹರಳೇ ಕೊಡಿ.

ಇನ್ನು 20-20-0-13 ಮತ್ತು 10-26-26. ಇವು ಎರಡೂ ಒಳ್ಳೆ ಬದಲಿ, ಆದ್ರೆ ಬೆಳೆ ನೋಡಿ ಕೊಡ್ಬೇಕು. 20-20ರಲ್ಲಿ ಸಾರಜನಕ ಜಾಸ್ತಿ, ಪೊಟ್ಯಾಷ್ ಇಲ್ಲ, ಗಂಧಕ ಇದೆ. 10-26-26ರಲ್ಲಿ ಪೊಟ್ಯಾಷ್ ಜಾಸ್ತಿ, ಆಲೂಗಡ್ಡೆಗೆ ಶುಂಠಿಗೆ ಅದು ಹೆಂಗೂ ಬೇಕು, ಆ ರೈತರು ಬೇರೆಯಾಗಿ ತಗೊಳ್ಳೋ ಪೊಟ್ಯಾಷ್ ಚೀಲ ಕಮ್ಮಿ ಮಾಡ್ಬಹುದು. ಜೋಳದವರಿಗೆ ಅಷ್ಟು ಪೊಟ್ಯಾಷ್ ಬೇಡ, ಬೇಡದ್ದಕ್ಕೆ ದುಡ್ಡು ಕೊಟ್ಟಂಗಾಗುತ್ತೆ.

ರಾಕ್ ಫಾಸ್ಫೇಟ್ ಬಗ್ಗೆ ಒಂದು ಮಾತು. ಅದು ಕರಗೋದು ಹುಳಿ ಮಣ್ಣಲ್ಲಿ. ಸಕಲೇಶಪುರ, ಆಲೂರಿನ ಮಲೆನಾಡು ಭಾಗದ ತೋಟಕ್ಕೆ ನಡೆಯುತ್ತೆ, ಅರಸೀಕೆರೆ ಕಡೆಯ ರಾಗಿ ಜೋಳದ ಹೊಲಕ್ಕೆ ಡಿಎಪಿ ಬದಲು ಅಂತ ಇದನ್ನ ಕೊಡ್ಬೇಡಿ.

ನ್ಯಾನೋ ಡಿಎಪಿ ಬಾಟಲ್ ಬಗ್ಗೆ ಎಲ್ಲರೂ ಕೇಳ್ತಾರೆ. ಬೀಜೋಪಚಾರಕ್ಕೆ, ಎಲೆ ಮೇಲೆ ಸ್ಪ್ರೇ ಮಾಡೋಕೆ ಅಂತ ಬರೋದು ಅದು. 500 ಎಂಎಲ್ ಬಾಟಲಲ್ಲಿ ರಂಜಕ 16 ಪರ್ಸೆಂಟ್, ಅಂದ್ರೆ ಸುಮಾರು 80 ಗ್ರಾಂ, ಚೀಲದಲ್ಲಿ 23 ಕೆಜಿ. ಬೇಕು ಅಂದೋರಿಗೆ ಕೊಡಿ, ಆದ್ರೆ ಬಿತ್ತುವಾಗ ಹಾಕೋ ಚೀಲದ ಪೂರ್ತಿ ಬದಲಿ ಇದು ಅಂತ ಹೇಳ್ಬೇಡಿ. ಮತ್ತೆ "ಬಾಟಲ್ ತಗೊಂಡ್ರೆ ಚೀಲ" ಅಂತ ಕಟ್ಟಿ ಮಾರೋದು ನಿಷಿದ್ಧ, ಅದು ಕಂಪನಿಯೋರು ನಿಮ್ಮ ಮೇಲೆ ಎಷ್ಟೇ ಒತ್ತಡ ಹಾಕಿದ್ರೂ ರೈತರ ಮೇಲೆ ಹಾಕೋ ಹಂಗಿಲ್ಲ.

ಒಂದು ಕೇಸು ಪೂರ್ತಿ ನೋಡಣ

ಗುರುವಾರ ಬೆಳಗ್ಗೆ ಒಬ್ಬರು ಬರ್ತಾರೆ, ಎರಡೆಕರೆ ಮಳೆಯಾಶ್ರಿತ ಮುಸುಕಿನ ಜೋಳ, ಮಳೆ ಬಿದ್ದು ಹದ ಆಗಿದೆ, ಭಾನುವಾರ ಬಿತ್ತನೆ, ಎರಡು ಡಿಎಪಿ ಬೇಕು. ಅಂಗಡಿಲಿ ಇರೋದು 20-20-0-13, ಸೂಪರ್, 10-26-26, ಯೂರಿಯಾ, ಪೊಟ್ಯಾಷ್. ಡಿಎಪಿ ಲೋಡ್ ಮುಂದಿನ ವಾರ ಅಂತಾರೆ, ಯಾವ ದಿನ ಅಂತ ಹೇಳಿಲ್ಲ. ಮೂರು ದಿನದಲ್ಲಿ ಬಿತ್ತನೆ ಇರೋದ್ರಿಂದ ಇಲ್ಲಿ ಬುಕಿಂಗ್ ಪ್ರಶ್ನೆನೇ ಇಲ್ಲ, ಬದಲಿನೇ ಕೊಡ್ಬೇಕು.

ಮಳೆಯಾಶ್ರಿತ ಜೋಳಕ್ಕೆ ಶಿಫಾರಸು ಹೆಕ್ಟೇರಿಗೆ 100:50:25. ಎಕರೆಗೆ ಇಳಿಸಿದ್ರೆ 40:20:10, ಎರಡೆಕರೆಗೆ 80 ಕೆಜಿ ಸಾರಜನಕ, 40 ಕೆಜಿ ರಂಜಕ, 20 ಕೆಜಿ ಪೊಟ್ಯಾಷ್. ರಂಜಕ, ಪೊಟ್ಯಾಷ್ ಪೂರ್ತಿ ಬಿತ್ತುವಾಗ, ಸಾರಜನಕ ಅರ್ಧ ಬಿತ್ತುವಾಗ, ಉಳಿದರ್ಧ ಒಂದು ತಿಂಗಳ ಹೊತ್ತಿಗೆ ಎಡೆಕುಂಟೆ ಹೊಡೆದು ಮಣ್ಣೇರಿಸೋ ಮುಂಚೆ.

ಈಗ 20-20 ನಾಲ್ಕು ಚೀಲ ತಗೊಂಡ್ರೆ 40 ಕೆಜಿ ಸಾರಜನಕ, 40 ಕೆಜಿ ರಂಜಕ. ಬಿತ್ತುವಾಗ ಬೇಕಾದ್ದು ಸರಿಯಾಗಿ ಅಷ್ಟೇ. ಪೊಟ್ಯಾಷ್ 33 ಕೆಜಿ ಬೇರೆ ಹಾಕ್ಬೇಕು, ಯಾಕಂದ್ರೆ ಪೊಟ್ಯಾಷ್ ಚೀಲದಲ್ಲಿ 60 ಪರ್ಸೆಂಟ್. ಮೇಲುಗೊಬ್ಬರಕ್ಕೆ ಉಳಿದ 40 ಕೆಜಿ ಸಾರಜನಕಕ್ಕೆ ಯೂರಿಯಾ ಎರಡು ಚೀಲ. ಅವರು ಅಂದ್ಕೊಂಡಂಗೆ ಎರಡು ಡಿಎಪಿ ಹಾಕಿದ್ರೆ ಸಾರಜನಕ 18 ಕೆಜಿ ಮಾತ್ರ ಸಿಗ್ತಿತ್ತು, ಉಳಿದ 62 ಕೆಜಿಗೆ ಯೂರಿಯಾ ಮೂರು ಚೀಲ ಬೇಕಿತ್ತು. ಅಂದ್ರೆ ಈ ಬದಲಿಯಲ್ಲಿ ಒಂದು ಯೂರಿಯಾ ಚೀಲ ಉಳೀತು. 45 ಕೆಜಿ ಯೂರಿಯಾ 266 ರೂಪಾಯಿ 50 ಪೈಸೆ, ಅದನ್ನ ಲೆಕ್ಕದಲ್ಲಿ ಕಳೀಬೇಕು. ಆ ಒಂದು ಚೀಲ ಕಮ್ಮಿ ಮಾಡಿ ಅಂತ ಹೇಳೋದು ಮರೆತ್ರೆ ಮಾತ್ರ ಅವರು ಅಭ್ಯಾಸದ ಮೇಲೆ ಮೂರೂ ಹಾಕ್ತಾರೆ, ಜೋಳ ಕಡುಹಸಿರಾಗಿ ಎತ್ತರ ಹೋಗಿ ಗಾಳಿಗೆ ಬೀಳುತ್ತೆ, ಬೈಗುಳ 20-20ಗೆ ಬರುತ್ತೆ.

ಮಾತು ಸುಮಾರಾಗಿ ಹಿಂಗೆ ಹೋಗುತ್ತೆ:

"ಡಿಎಪಿ ಇಲ್ಲ ಕಣಣ್ಣ, ಬೋರ್ಡ್ ನೋಡಿ. ಮುಂದಿನ ವಾರ ಅಂತಾವ್ರೆ, ಡೇಟ್ ಇಲ್ಲ. ಯಾವುದಕ್ಕೆ ಬೇಕಿತ್ತು?"

"ಜೋಳಕ್ಕೆ, ಎರಡೆಕರೆ. ಭಾನುವಾರ ಹಾಕಣ ಅಂತ."

"ಹಂಗಾದ್ರೆ ಕಾಯ್ಬೇಡಿ. ಇಪ್ಪತ್ತು ಇಪ್ಪತ್ತು ನಾಲ್ಕು ಚೀಲ ತಗೊಳಿ, ಜೋಳಕ್ಕೆ ಬೇಕಾದ ರಂಜಕ ಅದರಲ್ಲಿ ಪೂರ್ತಿ ಸಿಗ್ತದೆ. ಚೀಲ ಎರಡರ ಬದಲು ನಾಲ್ಕು ಆಗ್ತವೆ, ದುಡ್ಡೂ ಜಾಸ್ತಿ ಆಗ್ತದೆ, ಅದನ್ನ ಮೊದಲೇ ಹೇಳ್ತೀನಿ. ಆದ್ರೆ ತಿಂಗಳಾದ್ಮೇಲೆ ಯೂರಿಯಾ ಮೂರು ಹಾಕೋ ಕಡೆ ಎರಡೇ ಸಾಕು."

"ನಾಲ್ಕಾ? ಅಷ್ಟೊಂದ್ ಯಾಕಣ್ಣ, ನಮ್ಮೂರಲ್ಲಿ ಎಲ್ಲಾ ಡಿಎಪಿನೇ ಹಾಕೋದು."

"ಡಿಎಪಿಲಿ ರಂಜಕ ನೂರಕ್ಕೆ 46, ಇದರಲ್ಲಿ 20, ಅದಕ್ಕೇ ಚೀಲ ಜಾಸ್ತಿ. ನಿಮ್ಗೆ ಡೌಟ್ ಇದ್ರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಈ ಚೀಟಿ ತೋರ್ಸಿ ಕೇಳ್ಕೊಂಡು ಬನ್ನಿ, ಮಧ್ಯಾಹ್ನ ಬಂದ್ರೂ ಕೊಡ್ತೀನಿ."

ಆ ಚೀಟಿ ಮುಖ್ಯ. ಬಾಯಲ್ಲಿ ಹೇಳಿದ್ದು ಹೊಲಕ್ಕೆ ಹೋಗೋ ಹೊತ್ತಿಗೆ ಅರ್ಧ ಮರೆತಿರುತ್ತೆ, ಹಾಕೋರು ಬೇರೆಯವರೇ ಆಗಿರಬಹುದು, ಮನೆಯವರೋ ಮಗನೋ. ಒಂದು ಚಿಕ್ಕ ಪೇಪರಲ್ಲಿ ಬಿತ್ತುವಾಗ ಏನು ಎಷ್ಟು, ತಿಂಗಳಿಗೆ ಏನು ಎಷ್ಟು, ಬೀಜದ ಮೇಲೆ ನೇರ ಬೀಳದ ಹಂಗೆ ಸಾಲಿನ ಪಕ್ಕ, ಇಲ್ಲಾ ಕೆಳಗೆ ಮಣ್ಣು ಮುಚ್ಚಿ ಅಂತ ಬರೆದುಕೊಡಿ, ಎರಡೂ ಗೊಬ್ಬರದ ಚೀಲದ ಮೇಲಿನ ಎಂಆರ್‌ಪಿ, ಒಟ್ಟು ಖರ್ಚೂ ಬರೀರಿ. ಡಿಎಪಿ ಚೀಲ 1350, ಅದು ಎಲ್ಲರಿಗೂ ಬಾಯಿಪಾಠ, ಹಂಗಾಗಿ ನೀವು ಹೋಲಿಸಿ ತೋರಿಸ್ದೇ ಇದ್ರೆ ಅವರು ಮನೇಲಿ ಹೋಲಿಸ್ತಾರೆ, ಆಗ ನೀವು ಜಾಸ್ತಿ ಬೆಲೆದು ತಲೆಗೆ ಕಟ್ಟಿದ್ರಿ ಅನ್ಸುತ್ತೆ.

ಅವರೇ ದುಡ್ಡು ಸಾಲಲ್ಲ ಅಂದ್ರೆ ಸೂಪರ್ ಐದು ಚೀಲ. ಎರಡು ಡಿಎಪಿಗೆ ಸಮ ಅಂದ್ರೆ ಆರು ಆಗುತ್ತೆ, ಆದ್ರೆ ಬೆಳೆಗೆ ಬೇಕಾದ್ದು 40 ಕೆಜಿ ರಂಜಕ, ಐದಕ್ಕೆ ಅದು ಸರಿ ಹೋಗುತ್ತೆ. ಆಗ ಯೂರಿಯಾ ಎರಡು ಬಿತ್ತುವಾಗ, ಎರಡು ಮೇಲುಗೊಬ್ಬರಕ್ಕೆ, ಒಟ್ಟು ನಾಲ್ಕು. ಬಿತ್ತುವಾಗಿನ ಯೂರಿಯಾ ಬೀಜಕ್ಕೆ ತಾಗಿದ್ರೆ ಮೊಳಕೆ ಸುಡುತ್ತೆ ಅಂತ ಎರಡು ಸಲ ಹೇಳಿ. ಸಾಲಲ್ಲಿ ಅಲ್ಲಲ್ಲಿ ಮಾರುದ್ದ ಮೊಳಕೆನೇ ಬಂದಿಲ್ಲ, ಪಕ್ಕದ ಸಾಲಲ್ಲಿ ಚೆನ್ನಾಗಿ ಬಂದಿದೆ ಅಂದ್ರೆ ಗೊಬ್ಬರ ಬೀಜದ ಮೇಲೇ ಬಿದ್ದಿತ್ತು ಅಂತ ಮೊದಲು ಅನುಮಾನ ಪಡ್ಬೇಕು.

ಇಷ್ಟೆಲ್ಲಾ ಹೇಳಿದ್ರೂ "ನಂಗೆ ಡಿಎಪಿನೇ ಬೇಕು" ಅನ್ನೋರು ಇರ್ತಾರೆ, ಒತ್ತಾಯ ಬೇಡ. ಹತ್ರದ ಸೊಸೈಟಿಗೋ ಪಕ್ಕದ ಅಂಗಡಿಗೋ ಒಂದು ಫೋನ್ ಹಾಕಿ ಅಲ್ಲಿ ಇದೆಯಾ ಕೇಳಿ ಹೇಳಿ. ಗಿರಾಕಿ ಹೋದ್ರು ಅಂತ ಅನ್ಸಬಹುದು, ಆದ್ರೆ ಬೀಜ, ಔಷಧಿಗೆ ಅವರು ವಾಪಸ್ ಬರೋದು ನಿಮ್ಮಲ್ಲಿಗೇ.

ಫೋನಲ್ಲಿ, ವಾಟ್ಸಾಪಲ್ಲಿ ಕೇಳಿದ್ರೆ

ಊರಿಂದ ಹೊರಡೋ ಮುಂಚೆ ಕೇಳೋ ಅಭ್ಯಾಸ ಈಗ ಜಾಸ್ತಿ ಆಗಿದೆ, ಅದು ನಮಗೂ ಒಳ್ಳೇದು. ಬೆಳಗ್ಗೆ ಸ್ಟಾಕ್ ಬೋರ್ಡ್ ಬರೆದಾದ ಮೇಲೆ ಅದರದ್ದೇ ಒಂದು ಫೋಟೋ ತೆಗೆದು ಸ್ಟೇಟಸ್ ಹಾಕಿ, ಅರ್ಧ ಫೋನ್ ಕಮ್ಮಿ ಆಗುತ್ತೆ. ಮೆಸೇಜಿಗೆ ಉತ್ತರ ಕೊಡುವಾಗ ಬರೀ "ಇಲ್ಲ" ಅಂತ ಹಾಕ್ಬೇಡಿ, ಹಿಂಗೆ ಬರೀಬಹುದು:

"ನಮಸ್ಕಾರ ಅಣ್ಣ, ಡಿಎಪಿ ಇವತ್ತು ಸ್ಟಾಕ್ ಇಲ್ಲ, ಲೋಡ್ ಡೇಟ್ ಇನ್ನೂ ಹೇಳಿಲ್ಲ. 20-20 ಮತ್ತು ಸೂಪರ್ ಇದೆ. ಯಾವ ಬೆಳೆ, ಎಷ್ಟು ಎಕರೆ, ಯಾವತ್ತು ಬಿತ್ತೀರಿ ಹೇಳಿ, ಎಷ್ಟು ಬೇಕಾಗುತ್ತೆ, ಎಷ್ಟು ಖರ್ಚು ಅಂತ ಲೆಕ್ಕ ಹಾಕಿ ಕಳಿಸ್ತೀನಿ. ಅದು ಬೇಡ ಅಂದ್ರೆ ಬರೋದೇ ಬೇಡ, ಡಿಎಪಿ ಬಂದಾಗ ನಾನೇ ಫೋನ್ ಮಾಡ್ತೀನಿ."

ಓದೋಕೆ ಕಷ್ಟ ಇರೋ ಹಿರಿಯರಿಗೆ ಇದನ್ನೇ ವಾಯ್ಸ್ ಮೆಸೇಜಲ್ಲಿ ಹೇಳಿ, ಬಿಡಿಸಿ ನಿಧಾನಕ್ಕೆ. ಚೀಲದ ಲೆಕ್ಕ ಮಾತ್ರ ಟೈಪ್ ಮಾಡಿ ಕಳಿಸಿ, ಮನೇಲಿ ಯಾರಾದ್ರೂ ಓದಿ ಹೇಳ್ತಾರೆ.

ಬುಕಿಂಗ್ ಮಾಡ್ಕೊಳ್ಳೋದು ಹೆಂಗೆ

ಬಿತ್ತನೆ ದೂರ ಇರೋರಿಗೆ, ಮೇಲುಗೊಬ್ಬರದ ಯೂರಿಯಾ ಕೇಳೋರಿಗೆ ಬುಕಿಂಗ್ ಸರಿಯಾದ ದಾರಿ. ಒಂದು ಉದ್ದದ ನೋಟ್‌ಬುಕ್ ಸಾಕು. ಹೆಸರು, ಊರು, ಫೋನ್, ಬೆಳೆ, ಎಷ್ಟು ಚೀಲ ಇವೆಲ್ಲ ಎಲ್ಲರೂ ಬರೀತಾರೆ. ಇದರ ಜೊತೆ ಎರಡು ಕಾಲಂ ಹಾಕಿ: ಯಾವ ದಿನದೊಳಗೆ ಬೇಕು, ಬರದಿದ್ರೆ ಏನು ತಗೋತಾರೆ. ಈ ಎರಡು ಇದ್ರೆ ಲೋಡ್ ತಡ ಆದಾಗ ಯಾರಿಗೆ ಮೊದಲು ಫೋನ್ ಮಾಡ್ಬೇಕು ಅಂತ ಪುಟ ನೋಡಿದ್ರೆ ಗೊತ್ತಾಗುತ್ತೆ. ಬರೆದ ಆ ಸಾಲನ್ನ ಅವರ ಎದುರೇ ಫೋಟೋ ತೆಗೆದು ಅವರ ನಂಬರಿಗೆ ಕಳಿಸಿ, ಆಮೇಲೆ "ನಾನು ನಾಲ್ಕು ಹೇಳಿದ್ದೆ, ನೀವು ಎರಡು ಬರೆದಿದೀರ" ಅನ್ನೋ ಮಾತು ಬರಲ್ಲ.

ಅಡ್ವಾನ್ಸ್ ತಗೊಳ್ದೇ ಇರೋದು ಒಳ್ಳೇದು. ಲೋಡ್ ಬರುತ್ತೋ ಇಲ್ವೋ ನಿಮ್ಮ ಕೈಲಿ ಇಲ್ಲ, ದುಡ್ಡು ಇಸ್ಕೊಂಡ್ರೆ ಆ ಚೀಲಕ್ಕೆ ನೀವು ಮಾತು ಕೊಟ್ಟಂಗೆ. ಮತ್ತೆ ಬುಕಿಂಗ್ ಹೊತ್ತಲ್ಲಿ ಆಧಾರ್ ತಗೊಂಡು ಹೆಬ್ಬೆಟ್ಟು ಒತ್ತಿಸ್ಕೊಳೋದು ಬೇಡವೇ ಬೇಡ. ಚೀಲ ಅಂಗಡಿಗೆ ಬಂದು, ಮಷೀನಲ್ಲಿ ಸ್ಟಾಕ್ ಏರಿ, ರೈತರು ಎದುರಿಗೆ ನಿಂತು ಚೀಲ ತಗೊಳ್ಳೋವಾಗಲೇ ಬಿಲ್ ಆಗ್ಬೇಕು. ಮೊದಲೇ ಬಿಲ್ ಹೊಡೆದು ಚೀಲ ಆಮೇಲೆ ಅಂದ್ರೆ ಮಷೀನಿನ ಸ್ಟಾಕಿಗೂ ಗೋಡೌನಿನ ಚೀಲಕ್ಕೂ ತಾಳೆ ಆಗಲ್ಲ, ಇನ್ಸ್‌ಪೆಕ್ಷನ್‌ಗೆ ಬಂದವರು ಮೊದಲು ನೋಡೋದೇ ಅದನ್ನ. ರೇಟ್ ಕೂಡ ಬುಕಿಂಗ್ ದಿನ "ಇಷ್ಟೇ" ಅಂತ ಬರೆದುಕೊಡ್ಬೇಡಿ, "ಬಂದ ಚೀಲದ ಮೇಲಿನ ಎಂಆರ್‌ಪಿ" ಅಂತ ಬರೀರಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳೋ ಹಂಗಿಲ್ಲ, ಬುಕಿಂಗ್ ಚಾರ್ಜ್, ಇಳಿಸೋ ಹಮಾಲಿ ಅಂತೆಲ್ಲ ಅದರ ಮೇಲೆ ಸೇರಿಸೋಕೂ ಇಲ್ಲ.

ಲೋಡ್ ಬಂದ ದಿನ ಬುಕಿಂಗಷ್ಟು ಚೀಲ ಬಂದಿರಲ್ಲ, ಇದು ಮಾಮೂಲಿ. ನೂರು ಚೀಲ ಬುಕ್ ಆಗಿ ಅರವತ್ತು ಬಂತು ಅನ್ಕೊಳಿ. ಮೊದಲು ಬರೆಸಿದವರಿಗೆ ಪೂರ್ತಿ ಕೊಟ್ಟು ಕೊನೆಯವರಿಗೆ ಏನೂ ಇಲ್ಲ ಅನ್ನೋದಕ್ಕಿಂತ, ಬಿತ್ತನೆ ದಿನ ಹತ್ರ ಇರೋರಿಗೆ ಮೊದಲು, ಅದರಲ್ಲೂ ಎಕರೆ ಲೆಕ್ಕಕ್ಕಿಂತ ಜಾಸ್ತಿ ಬರೆಸಿದ್ರೆ ಬೆಳೆಗೆ ಬೇಕಾದಷ್ಟು ಅಂತ ನಾವು ಕೊಡೋದು. ಎರಡೆಕರೆ ಜೋಳಕ್ಕೆ ನಾಲ್ಕು ಡಿಎಪಿ ಬರೆಸಿದೋರಿಗೆ ಎರಡು ಕೊಟ್ರೆ ಬೆಳೆಗೆ ನಷ್ಟ ಇಲ್ಲ, ಯಾಕೆ ಅಂತ ಬಿಡಿಸಿ ಹೇಳಿದ್ರೆ ಹೆಚ್ಚಿನವರು ಒಪ್ತಾರೆ. ಸಿಗದೇ ಇರೋರಿಗೆ ಅವತ್ತೇ ಫೋನ್ ಮಾಡಿ. ಬಂದೋರಿಗೆ ಕೊಟ್ಟಾಯ್ತಲ್ಲ ಅಂತ ಬರದವರನ್ನ ಮರೆತ್ರೆ, ಅವರು ಇನ್ನೂ ನಿಮ್ಮ ಫೋನ್ ಕಾಯ್ತಾ ಬಿತ್ತನೆ ಹದ ಕಳ್ಕೋತಾರೆ. "ನಿಮ್ಮ ಪಾಲಿಗೆ ಬರ್ಲಿಲ್ಲಣ್ಣ, ನೀವು ಬರೆಸಿದ್ದ ಸೂಪರ್ ತೆಗೆದಿಟ್ಟಿದೀನಿ, ನಾಳೆ ಬಂದು ತಗೊಂಡು ಹೋಗ್ತೀರಾ?" ಅಂತ ಕೇಳಿ.

ಬುಕ್ ಮಾಡಿದೋರು ಬರದೇ ಇದ್ರೆ ಎಷ್ಟು ದಿನ ಇಡ್ಬೇಕು ಅನ್ನೋದು ಕೊನೇ ಪ್ರಶ್ನೆ. ಅಂಗಡಿಲಿ ಚೀಲ ಕಾಣ್ತಿದ್ದು ಎದುರಿಗೆ ಬಂದವರಿಗೆ ಇಲ್ಲ ಅನ್ನೋದು ಕಷ್ಟದ ವಿಷಯ, ಕಾನೂನಿನ ಲೆಕ್ಕದಲ್ಲೂ ಕಷ್ಟ, ಬುಕಿಂಗ್ ಅನ್ನೋದು ನಮ್ಮ ನಮ್ಮ ಅಂಗಡಿ ಅನುಕೂಲ ಅಷ್ಟೇ, ಚೀಲ ಕೂಡಿಡೋಕೆ ಅದು ನೆಪ ಆಗಬಾರ್ದು. ಅದಕ್ಕೇ ಬರೆಸ್ಕೊಳುವಾಗಲೇ ಹೇಳ್ಬಿಡಿ: ಫೋನ್ ಮಾಡಿದ ದಿನ, ಮಾರನೇ ದಿನ ಸಂಜೆ ತನಕ ಇರುತ್ತೆ, ಆಮೇಲೆ ಬಂದವರಿಗೆ ಹೋಗುತ್ತೆ. ಅದನ್ನೇ ಸ್ಟಾಕ್ ಬೋರ್ಡಿನ ಕೆಳಗೂ ಬರೀರಿ. ಫೋನ್ ಮಾಡಿದ ಟೈಮ್‌ ನೋಟ್‌ಬುಕ್ಕಲ್ಲಿ ಗುರ್ತು ಹಾಕಿ, ಎತ್ತಲಿಲ್ಲ ಅಂದ್ರೆ ಸಂಜೆ ಇನ್ನೊಂದು ಸಲ ಮಾಡಿ, ಮೆಸೇಜ್ ಹಾಕಿ. ಮಾರನೇ ದಿನ ಸಂಜೆ ಆರಕ್ಕೆ ಆ ಸಾಲಿಗೆ ಗೆರೆ ಎಳೆದು, ಚೀಲನ ಮಾಮೂಲಿ ಸ್ಟಾಕಿಗೆ ಸೇರಿಸಿ, ಮುಂದೆ ಯಾರು ಕೇಳ್ತಾರೋ ಅವರಿಗೆ ಬಿಲ್ ಹೊಡೀರಿ.